‘ಗ್ರೇಡಿಯಂಟ್ ಮ್ಯಾಪ್’ ಅಂದರೆ ಬಣ್ಣದ ನಕ್ಷೆಯೇ?

ಬೀದರಿನಲ್ಲಿ ಫೋಟೊ ಎಡಿಟಿಂಗ್ ಕಲಿಸುತ್ತೇನೆ. ಪಾಠವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ‘ಡ್ಯುಯೊಟೋನ್’ಗೆ ‘ಇಬ್ಬಣ್ಣ’ ಎಂದು ಬರೆದೆ, ಇಬ್ಬದಿ, ಇಬ್ಬಗೆ ಇದ್ದ ಹಾಗೆ. ‘ಗ್ರೇಡಿಯಂಟ್ ಮ್ಯಾಪ್’ ಮಾತ್ರ ಕಾಡುತ್ತಿದೆ. ‘ಬಣ್ಣದ ನಕ್ಷೆ’ ಎಂದೆ. ಒಬ್ಬ ಹುಡುಗಿ ಸ್ಕ್ರೀನ್ ತುಂಬ ಹುಡುಕಿ, “ನಕ್ಷೆ ಎಲ್ಲಿದೆ ಮೇಡಂ?” ಎಂದು ಕೇಳಿದಳು.

ಮಾಡಿದ್ದು ಇಷ್ಟು. ಮಹಮೂದ್ ಗವಾನ್ ಮದರಸಾದ ಮಿನಾರಿನ ಫೋಟೊ ತೆರೆದೆವು. ಗಿಂಪ್‌ನಲ್ಲಿ ಮುನ್ನೆಲೆ ಬಣ್ಣ ಕಡುನೀಲಿ, ಹಿನ್ನೆಲೆಯದು ತಿಳಿಹಳದಿ. `FG to BG (RGB)` ಆರಿಸಿ `Colors > Map > Gradient Map` ಒತ್ತಿದೆವು. ಕಮಾನಿನೊಳಗಿನ ನೆರಳು ನೀಲಿಯಾಯಿತು, ಆಕಾಶ ಹಳದಿಯಾಯಿತು, ಗೋಡೆ ಎರಡರ ನಡುವೆ ಎಲ್ಲೋ ನಿಂತಿತು. ಇದಕ್ಕೆ ಏನನ್ನಲಿ?

ಯಾದಗಿರಿಯ ಮೇಷ್ಟ್ರು: ಮ್ಯಾಪ್ ಅಂದರೆ ನಕ್ಷೆಯೇ ಅಲ್ವಾ? ಗ್ರೇಡಿಯಂಟ್‌ಗೆ ‘ಇಳಿಜಾರು’ ಅನ್ನಿ. ಒಂದು ಬಣ್ಣ ತೆಗೆದು ಇನ್ನೊಂದು ಹಾಕುವ ಕೆಲಸ ತಾನೆ.

ಕಲಬುರಗಿಯಿಂದ, ಡಿಸೈನ್ ಮಾಡುವವರು: ಇಳಿಜಾರು ಚೆನ್ನಾಗಿದೆ ಸರ್. ಆದರೆ ಗ್ರೇಡಿಯಂಟ್ ಮ್ಯಾಪ್ ಹಳೆಯ ಬಣ್ಣವನ್ನು ನೋಡುವುದೇ ಇಲ್ಲ. ಪ್ರತಿ ಚುಕ್ಕೆಯಲ್ಲಿ ಬೆಳಕು ಎಷ್ಟಿದೆ ಎಂದಷ್ಟೇ ನೋಡುತ್ತದೆ. ಕತ್ತಲಾದರೆ ಇಳಿಜಾರಿನ ಎಡತುದಿಯ ಬಣ್ಣ, ಬೆಳಕಾದರೆ ಬಲತುದಿಯದು. ಅದಕ್ಕೇ ಆ ಮಿನಾರಿನ ಹಸಿರು ಹೆಂಚು, ನೀಲಿ ಹೆಂಚು ಎರಡರಲ್ಲೂ ಬೆಳಕು ಒಂದೇ ಇದ್ದರೆ, ಎರಡೂ ಒಂದೇ ಬಣ್ಣವಾಗಿ ಚಿತ್ತಾರ ಅಳಿಸಿಹೋಗುತ್ತದೆ. ಮೊದಲು ಫೋಟೊವನ್ನು ಕಪ್ಪು-ಬಿಳುಪು ಮಾಡಿ ನೋಡಿ. ಅಲ್ಲಿ ಕಾಣದ ಚಿತ್ತಾರ ಇಬ್ಬಣ್ಣದಲ್ಲೂ ಕಾಣುವುದಿಲ್ಲ. ಎಡಕ್ಕೆ ತಿಳಿಬಣ್ಣ, ಬಲಕ್ಕೆ ಕಡುಬಣ್ಣ ಇಟ್ಟರೆ ಹಳೇ ನೆಗೆಟಿವ್‌ನಂತೆ ತಿರುಗಿಬಿಡುತ್ತದೆ. ಎರಡು ಬಣ್ಣಗಳ ಬೆಳಕು ಹತ್ತಿರ ಹತ್ತಿರವಿದ್ದರೆ ಮುಖದ ಮೂಗು, ಕಣ್ಣು ಮಂಕಾಗುತ್ತವೆ.

ಇಲ್ಲಿ ‘ಮ್ಯಾಪ್’ ಎಂದರೆ ಇದಕ್ಕೆ ಇದು ಎಂದು ಜೋಡಿಸುವುದು. ‘ಬೆಳಕಿಗೆ ಬಣ್ಣ ಹೊಂದಿಸು’ ಎಂದರೆ ಕೆಲಸ ಮಾತಲ್ಲೇ ಕಾಣುತ್ತದೆ.

ಕಲಬುರಗಿಯ ಪ್ರೆಸ್ಸಿನವರು: ನನ್ನ ತಕರಾರು ‘ಇಬ್ಬಣ್ಣ’ದ ಮೇಲೆ. ಮದುವೆ ಕಾರ್ಡಿಗೆ ಒಬ್ಬರು “ಎರಡೇ ಕಲರ್ ರೀ” ಎಂದು ಫೈಲ್ ಕೊಟ್ಟರು. ಒಂದು ಇಂಕಿಗೆ ಒಂದು ಪ್ಲೇಟಿನಂತೆ ನಾನೂ ಎರಡು ಪ್ಲೇಟಿನ ರೇಟು ಹೇಳಿದೆ. ತೆರೆದರೆ ಗ್ರೇಡಿಯಂಟ್ ಮ್ಯಾಪ್ ಮಾಡಿದ ಆರ್‌ಜಿಬಿ ಫೋಟೊ. ಕಣ್ಣಿಗೆ ಎರಡು ಬಣ್ಣ, ಪ್ರೆಸ್ಸಿಗೆ ನಾಲ್ಕು ಪ್ಲೇಟು! ನಮ್ಮಲ್ಲಿ ಡ್ಯುಯೊಟೋನ್ ಅಂದರೆ ನಿಜವಾಗಿ ಎರಡು ಇಂಕು. ಫೋಟೊಶಾಪ್‌ನಲ್ಲಿ ಮೊದಲು `Grayscale` ಮಾಡದೆ `Duotone` ಸಿಗುವುದೇ ಇಲ್ಲ. ಎರಡಕ್ಕೂ ಒಂದೇ ಪದ ಇಟ್ಟರೆ ಹುಡುಗರು ನನ್ನಂತೆಯೇ ಸಿಕ್ಕಿಬೀಳುತ್ತಾರೆ.

ಮತ್ತೆ ಬೀದರಿನಿಂದ: ‘ನಕ್ಷೆ’ ಹೊಡೆದುಹಾಕಿದೆ. ಪಾಠದಲ್ಲಿ ಈಗ ‘ಬೆಳಕಿಗೆ ಬಣ್ಣ ಹೊಂದಿಸುವುದು’ ಎಂದಿದೆ. ಸ್ಕ್ರೀನಿಗಾಗಿ ಮಾಡಿದ್ದನ್ನು ‘ಇಬ್ಬಣ್ಣದ ನೋಟ’ ಎನ್ನೋಣವೇ? ಎರಡು ಇಂಕಿನ ಕೆಲಸಕ್ಕೆ ಪ್ರೆಸ್ಸಿನಲ್ಲಿ ಬೇರೆ ಮಾತಿದ್ದರೆ ಹೇಳಿ. ಮೇಷ್ಟ್ರಿಗೆ ಇನ್ನೂ ‘ಇಳಿಜಾರು ನಕ್ಷೆ’ಯೇ ಸರಿ ಅನಿಸುತ್ತಿದೆಯಂತೆ.