ಪದಚರ್ಚೆ: ಅಂಕಿಯಿಂದ ಚಿತ್ರದ ಜಾಗಕ್ಕೆ ಇರುವ ಕೊಂಡಿಗೆ ಏನೆನ್ನಬೇಕು?

ಮಾನ್ಯರೇ,

ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಲೆಕ್ಕ ಬರೆಯುವ ಕಚೇರಿಯೊಂದಕ್ಕಾಗಿ ಕನ್ನಡದಲ್ಲಿ ಕೆಲಸದ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಭತ್ತದ ಲಾರಿಗಳ ಕಾಟಾ ಚೀಟಿಗಳನ್ನು ಸ್ಕ್ಯಾನ್ ಮಾಡಿ, ಅವುಗಳಲ್ಲಿನ ತೂಕವನ್ನು ತಂತ್ರಾಂಶದಿಂದ ಓದಿಸಿ ಕೋಷ್ಟಕಕ್ಕೆ ತುಂಬುವುದು ಅಲ್ಲಿನ ಕೆಲಸ. ಆಡಿಟರು ಕೋಷ್ಟಕದ ಯಾವುದೇ ಅಂಕಿಯ ಮೇಲೆ ಬೆರಳಿಟ್ಟು ‘ಇದು ಎಲ್ಲಿಂದ ಬಂತು’ ಎಂದು ಕೇಳಿದರೆ, ಅದು ಅಚ್ಚಾಗಿರುವ ಜಾಗವನ್ನೇ ಚಿತ್ರದಲ್ಲಿ ತೆರೆದು ತೋರಿಸುವಂತಿರಬೇಕು. ಅದಕ್ಕಾಗಿ ಪ್ರತಿಯೊಂದು ಅಂಕಿಗೂ ಒಂದು ಚಿಕ್ಕ ಟಿಪ್ಪಣಿ ಅಂಟಿಕೊಂಡಿರುತ್ತದೆ: ಯಾವ ಚಿತ್ರ, ಯಾವ ಪುಟ, ಮತ್ತು ಅಂಕಿಯ ಸುತ್ತಲಿನ ಚೌಕಟ್ಟು ಎಲ್ಲಿಂದ ಎಲ್ಲಿಯವರೆಗೆ.

ಈ ಟಿಪ್ಪಣಿಗೆ ಕರಡಿನಲ್ಲಿ ‘ಮೂಲಸ್ಥಾನ’ ಎಂಬ ಪದವಿದೆ. ಸಿಬ್ಬಂದಿ ಅದನ್ನು ಭತ್ತ ಬಂದ ಊರು ಎಂದು ತಿಳಿದು, ಆ ಅಂಕಣದಲ್ಲಿ ಕಾರಟಗಿ, ಸಿಂಧನೂರು ಎಂದು ಬರೆಯುತ್ತಿದ್ದಾರೆ. ಟಿಪ್ಪಣಿಗೂ ಅದರೊಳಗಿನ ಚೌಕಟ್ಟಿಗೂ ಸೂಕ್ತವಾದ, ಕೆಲಸಗಾರರ ಬಾಯಲ್ಲಿ ನಿಲ್ಲುವ ಪದಗಳನ್ನು ಸೂಚಿಸಬೇಕೆಂದು ಕೋರುತ್ತೇನೆ.

ಕೊಪ್ಪಳದಿಂದ, ವಾಣಿಜ್ಯಶಾಸ್ತ್ರದ ನಿವೃತ್ತ ಉಪನ್ಯಾಸಕರು

ಹೊಸ ಪದದ ಅಗತ್ಯವೇ ನನಗೆ ಕಾಣುತ್ತಿಲ್ಲ. ರೋಜುಕೀರ್ದಿಯಲ್ಲಿ ಪ್ರತಿ ನಮೂದಿನ ಪಕ್ಕಕ್ಕೆ ‘ಖಾತೆ ಪುಟ’ ಎಂಬ ಅಂಕಣವಿರುತ್ತದೆ. ಅಲ್ಲಿನ ಸಂಖ್ಯೆ ಹಿಡಿದು ಹೋದರೆ ಖಾತೆ ಸಿಗುತ್ತದೆ, ಖಾತೆಯಿಂದ ಹಿಂದಿರುಗಿದರೆ ನಮೂದು ಸಿಗುತ್ತದೆ. ತಮ್ಮ ಟಿಪ್ಪಣಿಯೂ ಅದೇ ಜಾತಿಯದು. ವೋಚರ್ ಸಂಖ್ಯೆ ಮತ್ತು ಪುಟದ ಸಂಖ್ಯೆ ಬರೆದರೆ ಸಾಕು. ಅದನ್ನು ‘ಆಕರ ಪುಟ’ ಎಂದು ಕರೆಯಬಹುದು. ಅಂಕಿಯನ್ನು ಪುಟದಲ್ಲಿ ಕಣ್ಣಿನಿಂದ ಹುಡುಕಿಕೊಳ್ಳುವಷ್ಟು ವ್ಯವಧಾನ ಆಡಿಟರಿಗೆ ಇದ್ದೇ ಇರುತ್ತದೆ.

ರಾಯಚೂರಿನಿಂದ, ದಸ್ತಾವೇಜು ಬರಹಗಾರರು

ಪತ್ರದ ಮೂಲ ಎಲ್ಲಿದೆ ಎಂಬ ಪ್ರಶ್ನೆ ನಮಗೆ ದಿನನಿತ್ಯದ್ದು. ನಮ್ಮ ಕುಟುಂಬದ ಜಮೀನಿನ ಹಳೆಯ ಖರೀದಿ ಪತ್ರದ ನಕಲಿನಲ್ಲಿ ಸರ್ವೆ ನಂಬರು ಮಸುಕಾಗಿತ್ತು. ಮೂಲ ಪತ್ರ ಯಾರ ಬಳಿ ಇದೆ ಎಂದು ಹುಡುಕುವುದರಲ್ಲೇ ಸಾಕಾಯಿತು. ಆದ್ದರಿಂದ ತಾವು ಮೊದಲು ಮೂಲ ಚೀಟಿಗಳನ್ನು ಭದ್ರವಾಗಿ ಇಡಿಸಿರಿ ಎಂಬುದು ನನ್ನ ಸಲಹೆ. ಇನ್ನು ಚೌಕಟ್ಟಿನ ಮಾತಿಗೆ ಬಂದರೆ, ಸ್ವತ್ತಿನ ನಾಲ್ಕು ದಿಕ್ಕಿನ ಎಲ್ಲೆಯನ್ನು ಪತ್ರದಲ್ಲಿ ‘ಚೆಕ್ಕುಬಂದಿ’ ಎಂದು ಬರೆಯುತ್ತೇವೆ. ಅಂಕಿಗೂ ನಾಲ್ಕು ಎಲ್ಲೆಗಳಿವೆ ಎಂದಾದರೆ ಅದೇ ಪದ ಸಲ್ಲಬಾರದೇಕೆ?

ಬಳ್ಳಾರಿಯಿಂದ, ಲೆಕ್ಕಪರಿಶೋಧನಾ ಕಚೇರಿಯಲ್ಲಿ ದತ್ತಾಂಶದ ಕೆಲಸ ನೋಡಿಕೊಳ್ಳುವವರು

ಉಪನ್ಯಾಸಕರು ಹೇಳಿದ್ದರಲ್ಲಿ ಎರಡೂ ಕಡೆಯಿಂದ ಹೋಗಿಬರುವಂತಿರಬೇಕು ಎಂಬುದು ಸರಿಯಾಗಿದೆ. ಪುಟದ ಸಂಖ್ಯೆಯೇ ಸಾಕೆಂಬುದು ಸರಿಯಲ್ಲ. ಒಂದೇ ಪುಟದಲ್ಲಿ ನಾಲ್ಕು ಚೀಟಿಗಳನ್ನು ಜೋಡಿಸಿ ಸ್ಕ್ಯಾನ್ ಮಾಡಿರುತ್ತಾರೆ, ಒಂದೊಂದರಲ್ಲೂ ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ, ನಿವ್ವಳ ಎಂಬ ಮೂರು ಅಂಕಿಗಳು, ಮೇಲೆ ಗಾಡಿ ನಂಬರು, ದಿನಾಂಕ. ಒಂದೇ ಅಂಕಿ ಎರಡು ಚೀಟಿಗಳಲ್ಲಿ ಬಂದಿದ್ದರೆ ಪುಟದ ಸಂಖ್ಯೆಯಿಂದ ಏನೂ ತೀರ್ಮಾನವಾಗುವುದಿಲ್ಲ.

ಪದ ಆಯ್ದುಕೊಳ್ಳುವ ಮೊದಲು ವಸ್ತುವನ್ನು ಒಮ್ಮೆ ನೋಡೋಣ. ನಮ್ಮಲ್ಲಿಗೆ ಬಂದ ಒಂದು ಚೀಟಿಯಲ್ಲಿ ತುಂಬಿದ ತೂಕ 24,380 ಕೆ.ಜಿ., ಖಾಲಿ ತೂಕ 8,140, ನಿವ್ವಳ 16,240 ಎಂದಿತ್ತು. ಅಚ್ಚಿನ ರಿಬ್ಬನ್ ಸವೆದಿದ್ದರಿಂದ ತಂತ್ರಾಂಶವು ನಿವ್ವಳದ 6ನ್ನು 8 ಎಂದು ಓದಿ ಹೀಗೆ ಬರೆದುಕೊಟ್ಟಿತು:

```
<span class='ocrx_word'
 title='bbox 1712 1406 1880 1448; x_wconf 71'>18,240</span>
```

ಇಲ್ಲಿ `bbox` ನಂತರದ ನಾಲ್ಕು ಸಂಖ್ಯೆಗಳೇ ತಾವು ಹೇಳುವ ಚೌಕಟ್ಟು: ಎಡ, ಮೇಲು, ಬಲ, ಕೆಳಗು, ಎಲ್ಲವೂ ಚಿತ್ರದ ಎಡ ಮೇಲ್ಮೂಲೆಯಿಂದ ಎಣಿಸಿದ ಪಿಕ್ಸೆಲ್‌ಗಳು. ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆದು ನೋಡಿ, ಅಂಕಿಯನ್ನು 16,240 ಎಂದು ಸಿಬ್ಬಂದಿ ಸರಿಯಾಗಿಯೇ ತಿದ್ದಿದ್ದರು.

ಆದರೆ ಆ ಚೌಕಟ್ಟನ್ನು ಮೂಲ ಚಿತ್ರದ ಮೇಲೆ ಇಟ್ಟಾಗ ಅದು ನಿವ್ವಳದ ಮೇಲೆ ಬೀಳದೆ, ಅದರ ಮೇಲಿನ ಸಾಲಿನ 8,140ರ ಮೇಲೆ ಬಿದ್ದಿತು. ಕಾರಣ ಹೀಗಿದೆ. ಚೀಟಿ ಸ್ಕ್ಯಾನರಿನಲ್ಲಿ ಬಲಗಡೆಗೆ 1.5 ಡಿಗ್ರಿಯಷ್ಟು ಕೆಳಕ್ಕೆ ಓರೆಯಾಗಿತ್ತು. ಓದಿಸುವ ಮೊದಲು ಬೇರೊಂದು ತಂತ್ರಾಂಶ ಎಡ ಮೇಲ್ಮೂಲೆಯನ್ನು ಆಧಾರವಾಗಿಟ್ಟುಕೊಂಡು ಅದನ್ನು ನೇರ ಮಾಡಿತ್ತು, ಚೌಕಟ್ಟು ಆ ನೇರ ಮಾಡಿದ ಚಿತ್ರದ್ದು. ಎಡ ಅಂಚಿನಿಂದ ಸುಮಾರು 1,800 ಪಿಕ್ಸೆಲ್ ದೂರದಲ್ಲಿ ಅಷ್ಟು ಓರೆಯೆಂದರೆ ಸುಮಾರು 47 ಪಿಕ್ಸೆಲ್‌ಗಳ ಇಳಿತ. ಇಂಚಿಗೆ ಆರು ಸಾಲು ಅಚ್ಚಾಗುವ ಚೀಟಿಯನ್ನು ಇಂಚಿಗೆ 300 ಪಿಕ್ಸೆಲ್‌ನಂತೆ ಸ್ಕ್ಯಾನ್ ಮಾಡಿದರೆ ಒಂದು ಸಾಲಿಗೆ 50 ಪಿಕ್ಸೆಲ್ ಬರುತ್ತದೆ. ಹೀಗಾಗಿ ಚೌಕಟ್ಟು ಹೆಚ್ಚುಕಡಿಮೆ ಸರಿಯಾಗಿ ಒಂದು ಸಾಲು ಮೇಲೆ ಸರಿದು, ಇನ್ನೊಂದು ಅಂಕಿಯ ಮೇಲೆ ಕುಳಿತುಬಿಟ್ಟಿತು. ಖಾಲಿ ಜಾಗದ ಮೇಲೆ ಬಿದ್ದಿದ್ದರೆ ಯಾರಾದರೂ ಕೂಡಲೇ ಗುರುತಿಸುತ್ತಿದ್ದರು. ತಪ್ಪು ಅಂಕಿಯ ಮೇಲೆ ಬಿದ್ದಾಗ ಆಡಿಟರಿಗೆ ಕೋಷ್ಟಕವೇ ತಪ್ಪೆನಿಸುತ್ತದೆ.

ಆದ್ದರಿಂದ ಚಿತ್ರವನ್ನು ಎಷ್ಟು ತಿರುಗಿಸಿದರು, ಎಲ್ಲಿ ಕತ್ತರಿಸಿದರು ಎಂಬುದನ್ನೂ ಟಿಪ್ಪಣಿಯಲ್ಲಿ ಇಡಬೇಕು, ಅಥವಾ ಚೌಕಟ್ಟಿನ ನಾಲ್ಕೂ ಮೂಲೆಗಳನ್ನು ಮೂಲ ಚಿತ್ರದ ಅಳತೆಗೆ ಹಿಂದಿರುಗಿಸಿ ಬರೆಯಬೇಕು. ಓರೆಯಾದ ಚೌಕಟ್ಟಿಗೆ ಎರಡೇ ಮೂಲೆಗಳು ಸಾಲುವುದಿಲ್ಲ. ಅದೇ ಚೀಟಿಯನ್ನು ಮುಂದೆ ಮತ್ತೊಮ್ಮೆ ಸ್ಕ್ಯಾನ್ ಮಾಡಿ ಹಳೆಯ ಕಡತದ ಹೆಸರಿನಲ್ಲಿಯೇ ಉಳಿಸಿದರೆ ಎಲ್ಲ ಚೌಕಟ್ಟುಗಳೂ ಸುಳ್ಳಾಗುತ್ತವೆಯಾದ್ದರಿಂದ, ಕಡತದ ಹೆಸರಿನ ಜೊತೆಗೆ ಅದರ ಹ್ಯಾಶ್, ಅಂದರೆ ಕಡತದ ಒಳವಿಷಯದಿಂದಲೇ ಲೆಕ್ಕ ಹಾಕಿ ಪಡೆದ ಗುರುತು, ಕೂಡ ಇರಲಿ. ಪರೀಕ್ಷಿಸುವ ಬಗೆ ಸುಲಭ: ಮೂಲ ಚಿತ್ರದಿಂದ ಚೌಕಟ್ಟಿನ ತುಣುಕನ್ನು ಕತ್ತರಿಸಿ ಅಂಕಿಯ ಪಕ್ಕದಲ್ಲಿಯೇ ತೋರಿಸಿದರೆ, ಸರಿದಿದ್ದರೆ ಮೊದಲ ಪರದೆಯಲ್ಲಿಯೇ ತಿಳಿಯುತ್ತದೆ.

ಚೆಕ್ಕುಬಂದಿ ನನಗೆ ಹಿಡಿಸಿತು, ಆದರೆ ಒಂದು ವ್ಯತ್ಯಾಸವಿದೆ. ಚೆಕ್ಕುಬಂದಿ ಪಕ್ಕದವರ ಹೆಸರಿನಿಂದ ಜಾಗವನ್ನು ಹೇಳುತ್ತದೆ, `bbox` ಅಳತೆಯಿಂದ ಹೇಳುತ್ತದೆ. ನಮ್ಮ ಕಚೇರಿಯಲ್ಲಿ ಎರಡನ್ನೂ ಇಡುತ್ತೇವೆ: ಅಳತೆ, ಮತ್ತು ಎಡಕ್ಕಿರುವ ‘ನಿವ್ವಳ’ ಎಂಬ ಶೀರ್ಷಿಕೆ. ಮೇಲಿನ ಚೀಟಿಯಲ್ಲಿ ಅಳತೆ ಸರಿದರೂ ಶೀರ್ಷಿಕೆ ಸರಿದಿರಲಿಲ್ಲ, ಗೊಂದಲ ಬಗೆಹರಿದದ್ದೂ ಅದರಿಂದಲೇ.

ಕೊಪ್ಪಳದಿಂದ ಮತ್ತೆ

ಒಂದು ಸಾಲು ಸರಿದ ಪ್ರಸಂಗವನ್ನು ಓದಿದ ಮೇಲೆ ‘ಆಕರ ಪುಟ’ವನ್ನು ಹಿಂತೆಗೆದುಕೊಳ್ಳುತ್ತೇನೆ. ‘ಆಕರ’ವನ್ನು ಮಾತ್ರ ಬಿಡಲಾರೆ. ‘ಆಕರ ನೆಲೆ’ ಎಂದರೆ ಹೇಗೆ?

ಗಂಗಾವತಿಯಿಂದ

ಎಲ್ಲರಿಗೂ ವಂದನೆಗಳು. ಸಿಬ್ಬಂದಿಯ ಮುಂದೆ ಇಟ್ಟಾಗ ಚೌಕಟ್ಟಿಗೆ ‘ಚೆಕ್ಕುಬಂದಿ’ ಎಂಬುದನ್ನು ಯಾರೂ ಬಿಡಿಸಿ ಹೇಳಿಸಿಕೊಳ್ಳಲಿಲ್ಲ, ಅಳತೆಯೂ ಸೇರಿದೆ ಎಂದು ಒಂದು ವಾಕ್ಯ ಸೇರಿಸಿದರೆ ಸಾಕಾಗುತ್ತದೆ. ಇಡೀ ಟಿಪ್ಪಣಿಗೆ ಸದ್ಯಕ್ಕೆ ‘ಆಕರ ನೆಲೆ’ ಇರಲಿ. ‘ಜಾಡು’ ಎಂಬ ಪದವನ್ನು ಇದಕ್ಕೆ ಬಳಸದೆ, 18,240 ಎಂದು ಓದಿದ್ದನ್ನು 16,240 ಎಂದು ಯಾರು, ಯಾವಾಗ ತಿದ್ದಿದರು ಎಂಬ ದಾಖಲೆಗೆ ಮೀಸಲಿಡುತ್ತೇನೆ. ತಿದ್ದಿದ ಮೇಲೂ ತಂತ್ರಾಂಶ ಮೊದಲು ಓದಿದ್ದನ್ನು ಅಳಿಸಬಾರದೆಂಬ ಸೂಚನೆಯೂ ಅಲ್ಲಿಯೇ ಬರುತ್ತದೆ.

ಒಂದು ಸಂದೇಹ ಉಳಿದಿದೆ. ಕೆಲವು ಕಾಟಾ ಚೀಟಿಗಳಲ್ಲಿ ನಿವ್ವಳ ತೂಕ ಅಚ್ಚಾಗಿರುವುದೇ ಇಲ್ಲ. ಅದನ್ನು ಕೋಷ್ಟಕವೇ ಕಳೆದು ಬರೆಯುತ್ತದೆ. ಚಿತ್ರದಲ್ಲಿ ಇಲ್ಲದ ಅಂಕಿಗೆ ತನ್ನದೇ ಚೆಕ್ಕುಬಂದಿ ಇರಲಾರದು, ಅದು ತೋರಿಸಬೇಕಾದದ್ದು ಉಳಿದೆರಡು ಅಂಕಿಗಳ ಕಡೆಗೆ. ಅಂಥ ಅಂಕಿಯನ್ನು ‘ಲೆಕ್ಕ ಹಾಕಿದ ಅಂಕಿ’ ಎಂದರೆ ಉಳಿದವು ಲೆಕ್ಕ ಹಾಕದವು ಎಂಬ ಅರ್ಥ ಹೊರಡುತ್ತದೆ, ‘ಸಾಧಿತ ಅಂಕಿ’ ಎಂದರೆ ವ್ಯಾಕರಣದ ಪಾಠದಂತೆ ಕೇಳುತ್ತದೆ. ಗಿರಣಿಗಳಲ್ಲಿ ಇದಕ್ಕೆ ರೂಢಿಯ ಮಾತೇನಾದರೂ ಇದ್ದರೆ ಬಲ್ಲವರು ತಿಳಿಸಬೇಕು.

ರಾಯಚೂರಿನಿಂದ

ಅಚ್ಚಾಗದ ತೂಕವನ್ನು ಆಡಿಟರು ಒಪ್ಪುತ್ತಾರೆಯೇ? ನಮ್ಮ ಪತ್ರಗಳಲ್ಲಿ ಬರೆಯದ ವಿಸ್ತೀರ್ಣವನ್ನು ಯಾರೂ ಒಪ್ಪುವುದಿಲ್ಲ.