ಪ್ರಶ್ನೆ 4 ಹಾಗೇ ಪ್ರಿಂಟ್ ಆಗಬಾರದು: ಹೋಲ್ ಬಗ್ಗೆ ನಮ್ಮ ಗುಂಪಿನಲ್ಲಿ ನಡೆದ ವಾದ

ಗುಂಪು: ಎಲೆಕ್ಟ್ರಾನಿಕ್ಸ್ ಹಳೇ ವಿದ್ಯಾರ್ಥಿಗಳು

ರಘು: ಫಸ್ಟ್ ಇಯರ್ ಮಕ್ಕಳಿಗೆ ಹಂಚೋಕೆ ಮಾಡಿರೋ ಪ್ರಶ್ನೋತ್ತರದ ಹಾಳೆ ಹಾಕ್ತಿದ್ದೀನಿ. ಸೋಮವಾರ ಪ್ರಿಂಟ್‌ಗೆ ಕೊಡ್ಬೇಕು. ತಪ್ಪು ಕಂಡ್ರೆ ಈಗಲೇ ಹೇಳಿ.

*ಪ್ರ 1. ಪಿ-ಟೈಪ್ ಸಿಲಿಕಾನ್‌ನಲ್ಲಿ ಹೋಲ್‌ಗಳು ಜಾಸ್ತಿ. ಹಾಗಾದರೆ ಆ ತುಂಡು ಪಾಸಿಟಿವ್ ಚಾರ್ಜ್ ಆಗಿರುತ್ತಾ?*
*ಉ: ಇಲ್ಲ. ಒಂದೊಂದು ಹೋಲ್‌ಗೂ ಲೆಕ್ಕಕ್ಕೆ ಸರಿಯಾಗಿ ಒಂದೊಂದು ಬೋರಾನ್ ಅಯಾನು ನೆಗೆಟಿವ್ ಚಾರ್ಜ್ ಹೊತ್ತು ತನ್ನ ಜಾಗದಲ್ಲೇ ಕೂತಿರುತ್ತದೆ. ಅಯಾನು ಓಡಾಡುವುದಿಲ್ಲ, ಹೋಲ್ ಓಡಾಡುತ್ತದೆ. ಒಟ್ಟು ಚಾರ್ಜ್ ಸೊನ್ನೆ.*

*ಪ್ರ 2. ಹೋಲ್ ಮೆಜಾರಿಟಿ ಕ್ಯಾರಿಯರ್ ಅಂದರೆ ಅಲ್ಲಿ ಎಲೆಕ್ಟ್ರಾನ್ ಇರುವುದೇ ಇಲ್ಲವೇ?*
*ಉ: ಇರುತ್ತದೆ. ಒಂದು ಘನ ಸೆಂ.ಮೀ.ಗೆ 10¹⁶ ಬೋರಾನ್ ಸೇರಿಸಿದರೆ ಹೋಲ್ 10¹⁶. np = ni² ಸೂತ್ರದ ಪ್ರಕಾರ ಕೋಣೆಯ ಉಷ್ಣತೆಯಲ್ಲಿ ಕಂಡಕ್ಷನ್ ಬ್ಯಾಂಡ್‌ನ ಎಲೆಕ್ಟ್ರಾನ್ ಸುಮಾರು 10⁴.*

*ಪ್ರ 3. ಹೋಲ್ ಬಲಕ್ಕೆ, ಎಲೆಕ್ಟ್ರಾನ್ ಎಡಕ್ಕೆ ಹೋದರೆ ಎರಡು ಕರೆಂಟನ್ನು ಕಳೆಯಬೇಕೇ?*
*ಉ: ಕೂಡಬೇಕು. ಎಡಕ್ಕೆ ಹೋಗುವ ನೆಗೆಟಿವ್ ಚಾರ್ಜ್ ಅಂದರೆ ಬಲಕ್ಕೆ ಹರಿಯುವ ಕರೆಂಟ್.*

*ಪ್ರ 4. ಹೋಲ್ ನಿಜವಾಗಿ ಚಲಿಸುತ್ತದೆಯೇ?*
*ಉ: ಇಲ್ಲ. ಚಲಿಸುವುದು ಎಲೆಕ್ಟ್ರಾನ್ ಮಾತ್ರ. ಹೋಲ್ ಎಂಬುದು ಲೆಕ್ಕದ ಅನುಕೂಲಕ್ಕೆ ಮಾಡಿಕೊಂಡ ಕಲ್ಪನೆ.*

ವೀಣಾ: ಮೊದಲ ಮೂರು ಸರಿ ಇವೆ ರಘು. ನಾಲ್ಕನೇದು ಹೀಗೇ ಹೋಗಬಾರದು.

ಮಂಜುನಾಥ್: ಯಾಕೆ? ನಾಲ್ಕನೇದನ್ನ ಬರೆದುಕೊಟ್ಟಿದ್ದು ನಾನೇ. ಪಕ್ಕದ ಬಾಂಡ್‌ನಿಂದ ಎಲೆಕ್ಟ್ರಾನ್ ಎಡಕ್ಕೆ ಹಾರಿ ಖಾಲಿ ಜಾಗ ತುಂಬುತ್ತೆ, ಖಾಲಿ ಜಾಗ ಬಲಕ್ಕೆ ಸರಿಯುತ್ತೆ. ಬಸ್ಸಲ್ಲಿ ಎಲ್ಲರೂ ಒಂದೊಂದು ಸೀಟು ಮುಂದಕ್ಕೆ ಜರುಗಿದ್ರೆ ಖಾಲಿ ಸೀಟು ಹಿಂದಕ್ಕೆ ಬರೋ ಹಾಗೆ. ಸೀಟು ನಡೀತು ಅಂತ ಯಾರಾದ್ರೂ ಹೇಳ್ತಾರಾ?

ವೀಣಾ: ದಿಕ್ಕು ಹೇಳೋಕೆ ಆ ಹೋಲಿಕೆ ಸಾಕು ಮಂಜು. ಆದ್ರೆ ಆ ಉತ್ತರ ಓದಿದ ಹುಡುಗ ಪ್ರಶ್ನೆ 3ಕ್ಕೆ ವಾಪಸ್ ಹೋದ್ರೆ ಏನು ಮಾಡ್ತಾನೆ ನೋಡು. ಹೋಲ್ ಕರೆಂಟ್ ಒಂದು, ಅದಕ್ಕೆ ಕಾರಣವಾದ ಬಾಂಡ್ ಎಲೆಕ್ಟ್ರಾನ್ ಕರೆಂಟ್ ಇನ್ನೊಂದು, ಎರಡನ್ನೂ ಕೂಡ್ತಾನೆ. ಒಂದೇ ಕರೆಂಟನ್ನ ಎರಡು ಸಲ ಎಣಿಸಿದ ಹಾಗಾಯ್ತು. ಕೂಡಬೇಕಾದ್ದು ವೇಲೆನ್ಸ್ ಬ್ಯಾಂಡ್‌ನ ಹೋಲ್ ಮತ್ತು ಕಂಡಕ್ಷನ್ ಬ್ಯಾಂಡ್‌ನ ಎಲೆಕ್ಟ್ರಾನ್. ಬಾಂಡ್‌ನಲ್ಲಿರೋ ಎಲೆಕ್ಟ್ರಾನ್‌ಗಳ ಲೆಕ್ಕ ಹೋಲ್‌ನಲ್ಲೇ ಮುಗಿದುಹೋಗಿದೆ.

ಮಂಜುನಾಥ್: ಅದು ಒಪ್ಪಿದೆ, ಒಂದು ಸಾಲು ಸೇರಿಸೋಣ. ಆದ್ರೂ ಹೋಲ್ ಕಲ್ಪನೆ ಅನ್ನೋ ಮಾತು ಸುಳ್ಳಾಗಲ್ಲವಲ್ಲ.

ವೀಣಾ: ಸುಳ್ಳು ಅಂತ ತೋರಿಸೋಕೆ ಒಂದು ಅಳತೆ ಇದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮ. ಅಂಕಿ ಹಾಕಿಯೇ ನೋಡೋಣ. ಪ್ರಶ್ನೆ 2ರ ಅದೇ ಸಿಲಿಕಾನ್‌ನ ಒಂದು ಕಡ್ಡಿ. ಉದ್ದ 10 ಮಿ.ಮೀ., ಅಗಲ 2 ಮಿ.ಮೀ., ದಪ್ಪ 0.5 ಮಿ.ಮೀ. ಹೋಲ್ ಮೊಬಿಲಿಟಿ ಸುಮಾರು 400 ಅಂತ ಇಟ್ಕೊಂಡ್ರೆ ರೆಸಿಸ್ಟೆನ್ಸ್ 156 ಓಮ್ ಆಸುಪಾಸು. 1.56 ವೋಲ್ಟ್ ಕೊಟ್ರೆ 10 ಮಿಲಿಆಂಪ್ ಹರಿಯುತ್ತೆ. ಹೋಲ್‌ಗಳ ಡ್ರಿಫ್ಟ್ ವೇಗ ಸೆಕೆಂಡಿಗೆ ಸುಮಾರು 6 ಮೀಟರ್.

ವೀಣಾ: ಈಗ ಕಡ್ಡಿಯನ್ನ ಹಾಳೆ ಮೇಲೆ ಅಡ್ಡಕ್ಕೆ ಮಲಗಿಸು. ಕರೆಂಟ್ ಎಡದಿಂದ ಬಲಕ್ಕೆ. 0.5 ಟೆಸ್ಲಾ ಮ್ಯಾಗ್ನೆಟಿಕ್ ಫೀಲ್ಡ್ ಹಾಳೆಯಿಂದ ನಿನ್ನ ಮುಖದ ಕಡೆಗೆ. ಬಲಕ್ಕೆ ಹೋಗೋ ಪಾಸಿಟಿವ್ ಚಾರ್ಜನ್ನ ಫೀಲ್ಡ್ ಕೆಳಗಿನ ಅಂಚಿಗೆ ತಳ್ಳುತ್ತೆ. ಎಡಕ್ಕೆ ಹೋಗೋ ನೆಗೆಟಿವ್ ಚಾರ್ಜನ್ನೂ ಕೆಳಗಿನ ಅಂಚಿಗೇ ತಳ್ಳುತ್ತೆ, ಯಾಕಂದ್ರೆ ಚಾರ್ಜ್ ಚಿಹ್ನೆ, ದಿಕ್ಕು ಎರಡೂ ಒಟ್ಟಿಗೆ ತಿರುಗಿವೆ. ಇಲ್ಲೇ ಇರೋದು ವಿಷಯ. ನೀನು ಹೇಳೋ ಹಾಗೆ ಓಡೋದು ಬರೀ ಎಲೆಕ್ಟ್ರಾನ್ ಆಗಿದ್ರೆ ಕೆಳಗಿನ ಅಂಚು ನೆಗೆಟಿವ್ ಆಗಬೇಕು. ಎನ್-ಟೈಪ್ ಕಡ್ಡಿಯಲ್ಲಿ ಹಾಗೇ ಆಗುತ್ತೆ. ಪಿ-ಟೈಪ್‌ನಲ್ಲಿ ಕೆಳಗಿನ ಅಂಚು ಪಾಸಿಟಿವ್ ಬರುತ್ತೆ, ಸುಮಾರು 6.25 ಮಿಲಿವೋಲ್ಟ್.

```
V = I·B / (q·p·t)
  = 0.01 × 0.5 / (1.6e-19 × 1e22 × 0.0005)
  = 0.00625 V
```

ರಘು: 10¹⁶ ಇದ್ದದ್ದು 1e22 ಆಗಿದ್ದು ಘನ ಸೆಂ.ಮೀ.ನಿಂದ ಘನ ಮೀಟರ್‌ಗೆ ಬದಲಾಯಿಸಿದ್ದಕ್ಕೆ ತಾನೇ? ಮಕ್ಕಳು ಮುಗ್ಗರಿಸೋದು ಇಲ್ಲೇ, ಹಾಳೆಯಲ್ಲಿ ಬಿಡಿಸಿ ಬರೀತೀನಿ.

ವೀಣಾ: ಹೌದು, ಅದಕ್ಕೇ. ದಪ್ಪವನ್ನೂ ಮೀಟರ್‌ನಲ್ಲೇ ಹಾಕಬೇಕು. ಇನ್ನೊಂದು, ಸೂತ್ರದಲ್ಲಿರೋ t ಫೀಲ್ಡ್ ಹಾದುಹೋಗೋ ದಿಕ್ಕಿನ ದಪ್ಪ. ಅಗಲ ಹಾಕಿದ್ರೆ ಉತ್ತರ ಕೆಡುತ್ತೆ.

ಮಂಜುನಾಥ್: ಅಳತೆ ಬಗ್ಗೆ ತಕರಾರಿಲ್ಲ ವೀಣಾ. ಆದ್ರೆ ಕಡ್ಡಿಯ ಒಳಗೆ ಇರೋದು ಎಲೆಕ್ಟ್ರಾನ್, ನ್ಯೂಕ್ಲಿಯಸ್ ಅಷ್ಟೇ. ನ್ಯೂಕ್ಲಿಯಸ್ ಅಲ್ಲಾಡಲ್ಲ. ಹಾಗಿದ್ಮೇಲೆ ಪಾಸಿಟಿವ್ ಅಂಚು ಎಲ್ಲಿಂದ ಬಂತು? ಆ ಕಾರಣ ಹೇಳದೆ ಉತ್ತರ ಬದಲಾಯಿಸಿದ್ರೆ ಮಕ್ಕಳು ಹೋಲ್ ಅಂದ್ರೆ ಒಂದು ಹೊಸ ಕಣ, ಪ್ರೋಟಾನ್ ಥರ ಏನೋ ಅಂದ್ಕೊಳ್ತಾರೆ. ನನ್ನ ಭಯ ಅದೇ.

ವೀಣಾ: ಆ ಭಯ ಸರಿಯಾದದ್ದೇ. ಕಾರಣ ಹೇಳ್ತೀನಿ. ಪೂರ್ತಿ ತುಂಬಿದ ಬ್ಯಾಂಡ್‌ನಲ್ಲಿ ಬಲಕ್ಕೆ ಹೋಗೋ ಎಲೆಕ್ಟ್ರಾನ್ ಎಷ್ಟೋ ಎಡಕ್ಕೆ ಹೋಗೋವೂ ಅಷ್ಟೇ, ಒಟ್ಟು ಕರೆಂಟ್ ಸೊನ್ನೆ. ಅದರಿಂದ ಒಂದು ಎಲೆಕ್ಟ್ರಾನ್ ತೆಗೆದ್ರೆ ಉಳಿದ ಕೋಟಿ ಕೋಟಿ ಎಲೆಕ್ಟ್ರಾನ್‌ಗಳ ಕರೆಂಟ್, ಆ ಖಾಲಿ ಜಾಗದ ವೇಗದಲ್ಲಿ ಹೋಗೋ ಒಂದೇ ಪಾಸಿಟಿವ್ ಚಾರ್ಜ್‌ನ ಕರೆಂಟ್‌ಗೆ ಸಮ. ಇನ್ನು ಆ ಜಾಗ ಇರೋದು ವೇಲೆನ್ಸ್ ಬ್ಯಾಂಡ್‌ನ ನೆತ್ತಿಯಲ್ಲಿ. ಅಲ್ಲಿ ಹರಳಿನ ಪರಮಾಣುಗಳ ಎಳೆತ ಹೇಗಿದೆ ಅಂದ್ರೆ, ಎಲೆಕ್ಟ್ರಾನನ್ನ ಹೊರಗಿಂದ ಒಂದು ಕಡೆ ತಳ್ಳಿದ್ರೆ ಅದು ವಿರುದ್ಧ ದಿಕ್ಕಿಗೆ ವೇಗ ಗಳಿಸುತ್ತೆ. ಇದನ್ನೇ ಎಫೆಕ್ಟಿವ್ ಮಾಸ್ ನೆಗೆಟಿವ್ ಅನ್ನೋದು. ಚಾರ್ಜೂ ನೆಗೆಟಿವ್, ಮಾಸೂ ನೆಗೆಟಿವ್. ಭಾಗಿಸಿದ್ರೆ ಪಾಸಿಟಿವ್ ಚಾರ್ಜ್, ಪಾಸಿಟಿವ್ ಮಾಸ್ ಇರೋ ಕಣ ನಡೆಯೋ ಹಾಗೇ ನಡೆಯುತ್ತೆ. ಬಸ್ಸಿನ ಸೀಟಿನ ಹೋಲಿಕೆಯಲ್ಲಿ ಹರಳಿನ ಈ ಎಳೆತ ಇಲ್ಲ, ಅದಕ್ಕೇ ಅದು ಹಾಲ್ ವೋಲ್ಟೇಜ್ ಚಿಹ್ನೆಯನ್ನ ತಪ್ಪು ಹೇಳುತ್ತೆ.

ವೀಣಾ: ಇದು ಸೆಮಿಕಂಡಕ್ಟರ್‌ಗೆ ಮಾತ್ರ ಸೇರಿದ್ದಲ್ಲ. ಸತು, ಕ್ಯಾಡ್ಮಿಯಮ್ ಲೋಹಗಳಾದ್ರೂ ಹಾಲ್ ಚಿಹ್ನೆ ಪಾಸಿಟಿವ್. ಬಹಳ ಕಾಲ ಕಾಡಿದ ಆ ಒಗಟನ್ನ 1929ರಲ್ಲಿ ಪೈರ್ಲ್ಸ್ ಬಿಡಿಸಿದ್ದು, ಹೆಚ್ಚುಕಡಿಮೆ ತುಂಬಿದ ಬ್ಯಾಂಡ್ ಅನ್ನೋ ಇದೇ ವಿಚಾರದಿಂದ.

ಮಂಜುನಾಥ್: ಸರಿ, ಕಲ್ಪನೆ ಅನ್ನೋ ಪದ ತೆಗೀರಿ. ಆದ್ರೆ "ಪ್ರೋಟಾನ್ ಅಲ್ಲ, ಪಾಸಿಟ್ರಾನ್ ಅಲ್ಲ, ಹರಳಿನ ಹೊರಗೆ ಅದಕ್ಕೆ ಅಸ್ತಿತ್ವ ಇಲ್ಲ" ಅನ್ನೋ ಸಾಲು ಇರಲೇಬೇಕು.

ರಘು: ಹರಳಿನ ಹೊರಗೆ ಇಲ್ಲ ಅಂದ ಕೂಡಲೇ ಮಕ್ಕಳು ಕೇಳೋದು ಇದನ್ನ: ಹಾಗಾದ್ರೆ ಹೋಲ್ ತಾಮ್ರದ ತಂತಿಗೆ ಹೇಗೆ ಹೋಗುತ್ತೆ, ಬ್ಯಾಟರಿ ಒಳಗೆ ಹೋಲ್ ಎಲ್ಲಿಂದ ಬರುತ್ತೆ?

ಮಂಜುನಾಥ್: ಹೋಗೋದೇ ಇಲ್ಲ. ನೆಗೆಟಿವ್ ಕಡೆಯ ಕಾಂಟ್ಯಾಕ್ಟ್‌ನಲ್ಲಿ ತಂತಿಯ ಎಲೆಕ್ಟ್ರಾನ್ ಒಳಗೆ ಬಂದು ಹೋಲನ್ನ ತುಂಬುತ್ತೆ, ಅಲ್ಲಿಗೆ ಆ ಹೋಲ್ ಮುಗೀತು. ಪಾಸಿಟಿವ್ ಕಡೆ ಸಿಲಿಕಾನ್‌ನ ಬಾಂಡ್‌ನಿಂದ ಒಂದು ಎಲೆಕ್ಟ್ರಾನ್ ತಂತಿಗೆ ಹೊರಟುಹೋಗುತ್ತೆ, ಹೊಸ ಹೋಲ್ ಹುಟ್ಟುತ್ತೆ. ವೀಣಾ ಹೇಳಿದ ಕಡ್ಡಿಯನ್ನೇ ತಗೊಳ್ಳಿ. ಅದರ ಗಾತ್ರ 0.01 ಘನ ಸೆಂ.ಮೀ., ಒಟ್ಟು ಹೋಲ್ 10¹⁴. 10 ಮಿಲಿಆಂಪ್ ಅಂದ್ರೆ ಸೆಕೆಂಡಿಗೆ 6.25×10¹⁶ ಹೋಲ್ ಒಂದು ತುದಿಯಲ್ಲಿ ಹುಟ್ಟಿ ಇನ್ನೊಂದು ತುದಿಯಲ್ಲಿ ಸಾಯಬೇಕು. ಭಾಗಿಸಿದ್ರೆ 1.6 ಮಿಲಿಸೆಕೆಂಡ್. 6 ಮೀಟರ್ ವೇಗದಲ್ಲಿ 10 ಮಿ.ಮೀ. ದಾಟೋಕೆ ಬೇಕಾದ್ದೂ ಅಷ್ಟೇ ಹೊತ್ತು. ಲೆಕ್ಕ ತಾಳೆ ಆಗುತ್ತೆ.

ವೀಣಾ: ಇದನ್ನ ಪ್ರಶ್ನೆ 5 ಮಾಡು ರಘು, ತುಂಬಾ ಚೆನ್ನಾಗಿದೆ. ಪ್ರಶ್ನೆ 2ಕ್ಕೂ ಅದೇ ಕಡ್ಡಿ ಸಾಕು. 10¹⁴ ಹೋಲ್ ಇರೋ ಕಡೆ ಕಂಡಕ್ಷನ್ ಎಲೆಕ್ಟ್ರಾನ್ ಸರಾಸರಿ 100. ಕೆಲವು ಪಠ್ಯಪುಸ್ತಕಗಳಲ್ಲಿ ni 1.5×10¹⁰ ಇರುತ್ತೆ, ಆಗ 225 ಬರುತ್ತೆ. ಎರಡರಲ್ಲಿ ಯಾವುದು ಬಂದ್ರೂ ಮೆಜಾರಿಟಿ ಅಂದ್ರೆ ಏನು ಅನ್ನೋದು ಗೊತ್ತಾಗುತ್ತೆ.

ಬಸವರಾಜ್ ಸರ್: ಎಲ್ಲಾ ಓದಿದೆ. ಛಲೋ ಅದ. ಆದ್ರ ಒಂದು ಮಾತು ಕೇಳ್ರಿ. ಈ ಹಾಳಿ ಓದಿ ಹುಡುಗ್ರು ಲ್ಯಾಬಿಗೆ ಬಂದು ಮೀಟರ್ ಹಚ್ಚಿದ್ರ ಚಿಹ್ನೆ ಉಲ್ಟಾ ಬರೂ ಸಾಧ್ಯತಾ ಅದ. ಆಮ್ಯಾಲ ಪಿ-ಟೈಪನ್ನ ಎನ್-ಟೈಪ್ ಅಂತ ರೆಕಾರ್ಡಿನ್ಯಾಗ ಬರೀತಾರ.

ರಘು: ಯಾಕೆ ಸರ್?

ಬಸವರಾಜ್ ಸರ್: ಮ್ಯಾಲಿನ ಕಾಂಟ್ಯಾಕ್ಟ್, ಕೆಳಗಿನ ಕಾಂಟ್ಯಾಕ್ಟ್ ಎರಡೂ ಕರೆಕ್ಟ್ ಎದುರಾಬದುರು ಇರೂದಿಲ್ಲ. ಉದ್ದದ ಗುಂಟ 0.1 ಮಿ.ಮೀ. ಸರದಿದ್ರೂ ಸಾಕು. ಕಡ್ಡಿ ಉದ್ದಕ್ಕ ಸೆಂಟಿಮೀಟರಿಗೆ 1.56 ವೋಲ್ಟ್ ಬೀಳ್ತದ, ಅಂದ್ರ 0.1 ಮಿ.ಮೀ.ಗೆ 15.6 ಮಿಲಿವೋಲ್ಟ್. ನಿಮ್ಮ ಹಾಲ್ ವೋಲ್ಟೇಜ್ 6.25. ಕಾಂಟ್ಯಾಕ್ಟ್ ಯಾವ ಕಡೆ ಸರದದ ಅನ್ನೂದರ ಮ್ಯಾಲೆ ಮೀಟರ್ 21.85 ತೋರಸ್ತದ, ಇಲ್ಲಾ ಮೈನಸ್ 9.35 ತೋರಸ್ತದ. ಮೈನಸ್ ನೋಡಿದ ಹುಡುಗ ಎನ್-ಟೈಪ್ ಅಂತಾನ.

ವೀಣಾ: ಸರ್, ಫೀಲ್ಡ್ ಸೊನ್ನೆ ಇದ್ದಾಗಲೇ ಮೀಟರ್ ಏನೋ ತೋರಿಸ್ತಿದ್ರೆ ಈ ದೋಷ ಇದೆ ಅಂತ ಗೊತ್ತಾಗುತ್ತಲ್ಲ.

ಬಸವರಾಜ್ ಸರ್: ಗೊತ್ತಾಗ್ತದ, ಆದ್ರ ಎಲೆಕ್ಟ್ರೊಮ್ಯಾಗ್ನೆಟ್ ಬಂದ್ ಮಾಡಿದ್ರೂ ಕೋರಿನ್ಯಾಗ ಒಂದೀಟು ಫೀಲ್ಡ್ ಉಳಕೋತದ. ಅದಕ್ಕ ಸೊನ್ನೆ ರೀಡಿಂಗ್ ಕಳಿಯೂದಕ್ಕಿಂತ ಫೀಲ್ಡ್ ತಿರುಗಿಸೂದು ಪಕ್ಕಾ. ಕಡ್ಡಿಗೆ ಹೋಗೂ ಕರೆಂಟ್ ಮುಟ್ಟಬ್ಯಾಡ್ರಿ. ಒಂದು ದಿಕ್ಕಿನ್ಯಾಗ 0.5 ಟೆಸ್ಲಾ ಇಟ್ಟು ಓದ್ರಿ, ಮೈನಸ್ 9.35. ಮ್ಯಾಗ್ನೆಟ್ ಕಾಯಿಲ್ ಕರೆಂಟ್ ಉಲ್ಟಾ ಮಾಡಿ, ಗಾಸ್ ಮೀಟರಿನ್ಯಾಗ ಅಷ್ಟೇ 0.5 ಬಂದದ ಅಂತ ನೋಡಿಕೊಂಡು ಮತ್ತ ಓದ್ರಿ, ಮೈನಸ್ 21.85. ಮೊದಲಿನದರಾಗ ಎರಡನೇದು ಕಳದು ಅರ್ಧಾ ಮಾಡ್ರಿ. ಪ್ಲಸ್ 6.25 ಬರ್ತದ, ಚಿಹ್ನೆ ಸಮೇತ.

ಮಂಜುನಾಥ್: ಲ್ಯಾಬ್‌ನಲ್ಲಿರೋದು ಜರ್ಮೇನಿಯಮ್ ಹರಳಾದ್ರೆ ಬಿಸಿ ಬಗ್ಗೆಯೂ ಎಚ್ಚರ ಹೇಳಬೇಕು ಸರ್. ಪಿ-ಟೈಪ್ ಜರ್ಮೇನಿಯಮ್ ಕಾಯಿಸ್ತಾ ಹೋದ್ರೆ ಎಲೆಕ್ಟ್ರಾನ್ ಹೆಚ್ಚಾಗುತ್ತೆ, ಅದರ ಮೊಬಿಲಿಟಿಯೂ ಜಾಸ್ತಿ. ಹೋಲ್ ಇನ್ನೂ ಮೆಜಾರಿಟಿ ಇರುವಾಗಲೇ ಹಾಲ್ ವೋಲ್ಟೇಜ್ ಸೊನ್ನೆ ದಾಟಿ ನೆಗೆಟಿವ್ ಆಗುತ್ತೆ.

ಬಸವರಾಜ್ ಸರ್: ಖರೆ. ಕೋಣೆ ಉಷ್ಣತೆಯಾಗೇ ಓದಬೇಕು, ಕರೆಂಟ್ ಸಣ್ಣದಿಟ್ಟು.

ರಘು: ಪ್ರಶ್ನೆ 4 ಹೀಗೆ ತಿದ್ದಿದ್ದೀನಿ, ನೋಡಿ:

*ಉ: ಚಲಿಸುತ್ತದೆ. ಹೋಲ್ ಅಂದರೆ ಹೆಚ್ಚುಕಡಿಮೆ ತುಂಬಿದ ವೇಲೆನ್ಸ್ ಬ್ಯಾಂಡ್‌ನ ಎಲ್ಲ ಎಲೆಕ್ಟ್ರಾನ್‌ಗಳ ಒಟ್ಟು ವರ್ತನೆ. ಅದು ಒಂದು ಪಾಸಿಟಿವ್ ಚಾರ್ಜ್‌ನಂತೆ ನಡೆಯುತ್ತದೆ, ಹಾಲ್ ವೋಲ್ಟೇಜಿನ ಚಿಹ್ನೆ ಇದಕ್ಕೆ ಸಾಕ್ಷಿ. ಅದು ಪ್ರೋಟಾನ್ ಅಲ್ಲ, ಪಾಸಿಟ್ರಾನ್ ಅಲ್ಲ, ಹರಳಿನ ಹೊರಗೆ ಅದಕ್ಕೆ ಅಸ್ತಿತ್ವ ಇಲ್ಲ. ಹೋಲ್ ಕರೆಂಟ್ ಎಣಿಸಿದ ಮೇಲೆ ಬಾಂಡ್ ಎಲೆಕ್ಟ್ರಾನ್‌ಗಳನ್ನು ಮತ್ತೆ ಎಣಿಸಬಾರದು.*

ಮಂಜುನಾಥ್: ಒಪ್ಪಿದೆ.

ವೀಣಾ: ನನಗೂ. ಕಡ್ಡಿಯ ಚಿತ್ರ ಹಾಕುವಾಗ ಕರೆಂಟ್, ಫೀಲ್ಡ್ ಎರಡರ ಬಾಣವೂ ಇರಲಿ. ಒಂದು ಬಾಣ ಬಿಟ್ಟುಹೋದ್ರೂ ಚಿಹ್ನೆಗೆ ಅರ್ಥ ಇರಲ್ಲ.

ಬಸವರಾಜ್ ಸರ್: ಮೀಟರಿನ ಕೆಂಪು ಪ್ರೋಬ್ ಕೆಳಗಿನ ಅಂಚಿಗೆ ಅಂತನೂ ಬರೀರಿ ರಘು.