ಲಾರಿ ‘ತುಂಬಿತು’: ತೂಕಕ್ಕೋ, ಜಾಗಕ್ಕೋ?

ಬೈಕಂಪಾಡಿಯ ಒಂದು ಗೋದಾಮಿನಲ್ಲಿ ಲೋಡಿಂಗ್ ನೋಡಿಕೊಳ್ಳುವವನು ನಾನು. ಹೊಸ ಹುಡುಗರಿಗೆ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ‘ಲಾರಿ ತುಂಬಿತು’ ಎಂಬಲ್ಲೇ ಪೆನ್ನು ನಿಂತಿತು. ಹೆಂಚು ಹಾಕಿದರೆ ಲಾರಿ ಅರ್ಧ ಖಾಲಿ ಇರುವಾಗಲೇ ತೂಕ ಮುಗಿಯುತ್ತದೆ. ನಾರಿನ ಹಗ್ಗದ ಕಟ್ಟು ಹಾಕಿದರೆ ಟಾರ್ಪಾಲು ಮುಚ್ಚುವುದೇ ಕಷ್ಟ, ತೂಕ ಮಾತ್ರ ಬೇಕಾದಷ್ಟು ಬಾಕಿ. ಎರಡಕ್ಕೂ ‘ಲೋಡ್ ಆಯ್ತು’ ಅನ್ನುತ್ತೇವೆ. ಎರಡೂ ಮಾಲು ಒಟ್ಟಿಗೆ ಹೋಗುವ ದಿನ ಇದು ಸಾಲದು ಅಲ್ವಾ? ಜಾಗ ಮುಗಿದದ್ದಕ್ಕೆ ‘ಅಳತೆಗೆ ತುಂಬಿತು’ ಅನ್ನಬಹುದಾ?

ಉಡುಪಿಯ ನಿವೃತ್ತ ಮೇಷ್ಟ್ರು ಬರೆದರು:
ಖಂಡಿತ ಅನ್ನಬಹುದು. ನಮ್ಮ ಮನೆಯಲ್ಲಿ ಅಕ್ಕಿ ಮುಡಿ ಕಟ್ಟುತ್ತಿದ್ದರು. ಮುಡಿಗೆ 42 ಸೇರು. ತೂಗಿದ್ದಲ್ಲ, ಸೇರಿನಲ್ಲಿ ಅಳೆದದ್ದು. ಒಳಗೆ ಬೈಹುಲ್ಲು ಹಾಸಿ, ಹಗ್ಗ ಬಿಗಿದು, ಕೋಲಿನಿಂದ ತಟ್ಟಿ ಗುಂಡಗೆ ಮಾಡುತ್ತಿದ್ದರು.

ಕೊರಿಯರ್ ಕಚೇರಿಯ ಒಬ್ಬರು:
ಇಷ್ಟೆಲ್ಲ ಯಾಕೆ? ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿ. ಬಂದದ್ದು, ತೂಗಿದ್ದು, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದೇ ಲೆಕ್ಕ.

ಬಂದರಿನಲ್ಲಿ ಲಾರಿ ಬುಕಿಂಗ್ ಮಾಡುವ ಅಕ್ಕ:
ಅದು ಬಾಡಿಗೆ ಹಾಕುವ ಲೆಕ್ಕ, ಸರ್. ಲಾರಿ ಯಾವುದಕ್ಕೆ ತುಂಬುತ್ತದೆ ಅಂತ ಅದು ಹೇಳುವುದಿಲ್ಲ. ಅದಕ್ಕೆ ಲಾರಿಯನ್ನೇ ಕೇಳಬೇಕು. ನಮ್ಮದೊಂದು ಲಾರಿಗೆ 10 ಟನ್ ಪಾಸಿಂಗ್, ಒಳಗೆ 1050 ಘನ ಅಡಿ. ಅಂದರೆ ಒಂದು ಟನ್ನಿಗೆ 105 ಅಡಿ ಜಾಗ. ನಮ್ಮ ಹೆಂಚು ಟನ್ನಿಗೆ 50 ಅಡಿ ಹಿಡಿಯುತ್ತದೆ, ಹಗ್ಗದ ಕಟ್ಟು 250. 105ಕ್ಕಿಂತ ಕಡಿಮೆ ಹಿಡಿದರೆ ತೂಕದ ಮಾಲು, ಜಾಸ್ತಿ ಹಿಡಿದರೆ ಜಾಗ ತಿನ್ನುವ ಮಾಲು.

ಬೆರೆಸಿದಾಗ ಒಂದೊಂದನ್ನೇ ನೋಡಬೇಡಿ. 6 ಟನ್ ಹೆಂಚು 300 ಅಡಿ ಹಿಡಿಯಿತು. ಉಳಿದ 750 ಅಡಿಗೆ ಹಗ್ಗ ಹಿಡಿಯುವುದು 3 ಟನ್. ಒಂದು ಟನ್ ಬಾಕಿ ಇರುವಾಗಲೇ ಜಾಗ ಮುಗಿಯಿತು. ಅದೇ ಹೆಂಚು 8 ಟನ್ ಮಾಡಿ. ಹಗ್ಗಕ್ಕೆ 2 ಟನ್ ಮಾತ್ರ ಉಳಿಯಿತು, ಅದಕ್ಕೆ 500 ಅಡಿ ಸಾಕು. 150 ಅಡಿ ಖಾಲಿ ಇದ್ದರೂ ತೂಕ ಮುಗಿಯಿತು. ಏಳೂಕಾಲು ಟನ್ ಹೆಂಚಾದರೆ ಎರಡೂ ಒಟ್ಟಿಗೆ ಮುಗಿಯುತ್ತವೆ.

ಇನ್ನು ಪದದ ವಿಷಯ. ಮೇಷ್ಟ್ರ ಮುಡಿ ಸರಿ. ಆದರೆ ನಮ್ಮ ಹುಡುಗರಿಗೆ ‘ಅಳತೆ’ ಅಂದರೆ ಟೇಪು ಹಿಡಿಯುವುದು. ‘ತೂಕ ಮುಗಿಯಿತು’, ‘ಜಾಗ ಮುಗಿಯಿತು’ ಅಂತ ಬರೆಯಿರಿ.

ನಾನು:
ಹಾಗೇ ಬರೆದೆ, ಅಕ್ಕ. ಒಂದು ಮಾತ್ರ ಬಾಕಿ. ಹೆಂಚನ್ನು ನಿಲ್ಲಿಸಿ ಜೋಡಿಸುತ್ತೇವೆ, ಅದರ ಮೇಲೆ ಹಗ್ಗದ ಕಟ್ಟು ಒಟ್ಟಿದರೆ ಒಡೆಯುತ್ತದೆ. ನಿನ್ನೆ ಕೆಳಸಾಲಿನಲ್ಲಿ ಮೂರು ಹೆಂಚಿನ ಕಿವಿ ಮುರಿದಿತ್ತು. ಆ ಮೇಲಿನ ಜಾಗ ಟೇಪಿಗೆ ಸಿಗುತ್ತದೆ, ಮಾಲಿಗೆ ಸಿಗುವುದಿಲ್ಲ. ಅದಕ್ಕೂ ‘ಜಾಗ ಮುಗಿಯಿತು’ ಅನ್ನಲಾ, ಬೇರೆ ಮಾತು ಇದೆಯಾ?

ಮೇಷ್ಟ್ರು:
‘ಸತ್ತ ಜಾಗ’ ಅನ್ನಬಹುದೇನೋ.

ಅಕ್ಕ:
ನಮ್ಮಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ‘ಮೇಲೆ ಹಾಕಬೇಡ’ ಅನ್ನುತ್ತೇವೆ, ಅಷ್ಟೇ.